ಆಟದ ಜೊತೆಗೆ ಇಷ್ಟೆಲ್ಲ ಓಡಿದರೆ ಹದಿನಾರು ಜಿಬಿ ಸಾಕೆ?

ಕಂಪ್ಯೂಟರ್ ಜೋಡಿಸಿ ಕೊಡುವುದು, ಕೆಟ್ಟದ್ದನ್ನು ಸರಿಮಾಡುವುದು ನನ್ನ ಕಸುಬು. ಅಂಗಡಿಗೆ ಬರುವ ಹುಡುಗರಲ್ಲಿ ಮುಕ್ಕಾಲು ಪಾಲು ಮಂದಿ ಈಗ ಕೇಳುವುದು ಒಂದೇ ಪ್ರಶ್ನೆ: "ಅಣ್ಣ, ಹದಿನಾರು ಜಿಬಿ ರ‍್ಯಾಮ್ ಸಾಕಾಗುತ್ತಾ?" ಬರೀ ಆಟ ಒಂದನ್ನೇ ಓಡಿಸುವವರು ಇವರಲ್ಲಿ ಯಾರೂ ಇಲ್ಲ. ಒಂದು ಕಡೆ ಆಟ, ಹಿಂದೆ ಕ್ರೋಮ್, ಗೆಳೆಯರ ಜೊತೆ ಮಾತಿಗೆ ಡಿಸ್ಕಾರ್ಡ್, ಆಟವನ್ನು ತೆರೆದುಕೊಟ್ಟ ಸ್ಟೀಮ್ ಅಥವಾ ಎಪಿಕ್ ಲಾಂಚರ್ ಎಲ್ಲವೂ ಒಟ್ಟಿಗೇ ಓಡುತ್ತಿರುತ್ತವೆ. ಎರಡು ವರ್ಷದ ಹಿಂದಾಗಿದ್ದರೆ "ಇನ್ನೊಂದು ಹದಿನಾರು ಹಾಕಿಸಿಕೋ ಮಾರಾಯ" ಎಂದು ಹೇಳಿ ಕಳಿಸಬಹುದಿತ್ತು. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಚಿಪ್ ತಯಾರಕರು ಡೇಟಾ ಸೆಂಟರುಗಳ ಕಡೆ ತಿರುಗಿಕೊಂಡ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಿಗಿಯಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಕ್ರೂಶಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಹಾಗಾಗಿ ಕೊಳ್ಳುವ ಮುಂಚೆ ನಿಜವಾಗಿ ಬೇಕೋ ಬೇಡವೋ ಎಂದು ನೋಡಿಕೊಳ್ಳುವುದು ಒಳ್ಳೆಯದು. ಅದನ್ನು ನೋಡುವುದು ಹೇಗೆ ಎಂದು ಇವತ್ತು ಹೇಳುತ್ತೇನೆ.

ಮೊದಲು ಆಟದ ಪೆಟ್ಟಿಗೆಯ ಮೇಲೆ ಬರೆದಿರುವ ಸಂಖ್ಯೆಯ ಮಾತು. ವಾಲೊರಂಟ್ ಆಟಕ್ಕೆ ಕನಿಷ್ಠ 4 ಜಿಬಿ ಸಾಕು ಎಂದು ತಯಾರಕರೇ ಹೇಳುತ್ತಾರೆ. ಕೌಂಟರ್ ಸ್ಟ್ರೈಕ್ 2 ಆಟಕ್ಕೆ 8. ಇಂಥ ಆಟ ಆಡುವವರಿಗೆ ಹದಿನಾರು ಜಿಬಿ ಧಾರಾಳ, ಅವರು ಈ ಭಾಷಣವನ್ನು ಇಲ್ಲಿಗೇ ನಿಲ್ಲಿಸಿ ಆಟಕ್ಕೆ ಹೋಗಬಹುದು. ತೊಂದರೆ ಬರುವುದು 2023ರ ಫೆಬ್ರವರಿಯಲ್ಲಿ ಬಂದ ಹಾಗ್ವಾರ್ಟ್ಸ್ ಲೆಗಸಿಯಂಥ ಆಟಗಳಲ್ಲಿ. ಅದಕ್ಕೆ ಕನಿಷ್ಠ ಎಂದು ಬರೆದಿರುವುದೇ 16 ಜಿಬಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಇನ್ನೂ ಮುಂದೆ ಹೋಗಿ ಕನಿಷ್ಠ 16, ಶಿಫಾರಸು 32, ಆದರ್ಶ 64 ಎನ್ನುತ್ತದೆ. ಹಾಗೆಂದ ಮಾತ್ರಕ್ಕೆ ಆಟ ತಾನೊಂದೇ ಹದಿನಾರನ್ನೂ ನುಂಗುತ್ತದೆ ಎಂದು ತಿಳಿಯಬೇಡಿ. ಅಷ್ಟು ಮೆಮೊರಿ ಇರುವ ಯಂತ್ರ ಬೇಕು ಎಂಬುದಷ್ಟೇ ಅದರ ಅರ್ಥ, ವಿಂಡೋಸ್‌ನ ಪಾಲೂ ಅದರೊಳಗೇ ಸೇರಿದೆ. ಪಕ್ಕದಲ್ಲಿ ನಲವತ್ತು ಟ್ಯಾಬಿನ ಬ್ರೌಸರ್ ಇರುತ್ತದೆ ಎಂದು ಮಾತ್ರ ಆಟ ಮಾಡಿದವರು ಲೆಕ್ಕ ಹಾಕಿರುವುದಿಲ್ಲ.

ಈಗ ಎಲ್ಲರೂ ಮಾಡುವ ಕೂಡಿಕೆ ಲೆಕ್ಕವನ್ನು ನಾವೂ ಮಾಡೋಣ. ವಿಂಡೋಸ್ 11 ಏನೂ ಮಾಡದೆ ಕೂತಿದ್ದರೂ ಮೂರೂವರೆ, ನಾಲ್ಕು ಜಿಬಿ ಹಿಡಿದುಕೊಳ್ಳುತ್ತದೆ. ದೊಡ್ಡ ಆಟಕ್ಕೆ ಒಂಬತ್ತು, ಹತ್ತು ಜಿಬಿ ಬೇಕು. ಹದಿನೈದು ಇಪ್ಪತ್ತು ಟ್ಯಾಬಿನ ಕ್ರೋಮ್ ಎರಡರಿಂದ ಮೂರು ಜಿಬಿ ತಿನ್ನುತ್ತದೆ. ಡಿಸ್ಕಾರ್ಡ್ ಅರ್ಧ ಜಿಬಿಯ ಆಸುಪಾಸು, ಸ್ಟೀಮ್ ಇನ್ನೊಂದು ಅರ್ಧ. ಕೂಡಿದರೆ ಹದಿನಾರರ ಅಂಚಿಗೆ ಬಂತು, ಇಲ್ಲವೇ ದಾಟಿತು. ಡಿಸ್ಕಾರ್ಡ್, ಸ್ಟೀಮ್, ಎಪಿಕ್ ಇವೆಲ್ಲ ಒಳಗೆ ಇನ್ನೊಂದು ಕ್ರೋಮಿಯಂ ಬ್ರೌಸರನ್ನೇ ಇಟ್ಟುಕೊಂಡಿವೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಕಾಣುವ steamwebhelper ಎಂಬ ಸಾಲುಗಳು ಅದರವೇ. ಅಂದರೆ ನೀವು ಓಡಿಸುತ್ತಿರುವುದು ಒಂದಲ್ಲ, ಮೂರು ಬ್ರೌಸರ್.

ಈ ಲೆಕ್ಕದ ಪ್ರಕಾರ ದೊಡ್ಡ ಆಟ ಆಡುವವರಿಗೆ ಹದಿನಾರು ಜಿಬಿ ಸಾಲುವುದು ಕಷ್ಟ. ಆದರೆ ಇದೇ ಹೊಂದಿಕೆಯಲ್ಲಿ ಸಲೀಸಾಗಿ ಆಡುವವರು ಬೇಕಾದಷ್ಟು ಮಂದಿ ಇದ್ದಾರೆ. ಇದು ಹೇಗೆ ಸಾಧ್ಯ? ಮೆಮೊರಿ ಕಡಿಮೆಯಾದಾಗ ವಿಂಡೋಸ್ ಕೈಕಟ್ಟಿ ಕೂರುವುದಿಲ್ಲ, ಅದಕ್ಕೇ ಸಾಧ್ಯ.

ಮೊದಲು ಅದು ಕ್ಯಾಶ್ ಜಾಗವನ್ನು ಬಿಟ್ಟುಕೊಡುತ್ತದೆ. ಹಿಂದೆ ತೆರೆದ ಫೈಲುಗಳ ಪ್ರತಿಯನ್ನು ವಿಂಡೋಸ್ ಖಾಲಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಬೇಕೆಂದ ಕೂಡಲೆ ಅದನ್ನು ಎಸೆಯಬಹುದು, ನಷ್ಟವಿಲ್ಲ. ಅದೂ ಸಾಲದಿದ್ದರೆ ಯಾವ ಪ್ರೋಗ್ರಾಂ ಬಹಳ ಹೊತ್ತಿನಿಂದ ಸುಮ್ಮನಿದೆ ಎಂದು ನೋಡಿ, ಅದರ ಮೆಮೊರಿಯನ್ನು ಒತ್ತಿ ಚಿಕ್ಕದು ಮಾಡುತ್ತದೆ. ವಿಂಡೋಸ್ 10ರಿಂದ ಬಂದ ಈ ಕಂಪ್ರೆಶನ್ ರ‍್ಯಾಮಿನೊಳಗೇ ನಡೆಯುವುದರಿಂದ ಬೇಗ ಮುಗಿಯುತ್ತದೆ. ಅದೂ ಮುಗಿದ ಮೇಲೆ ಡಿಸ್ಕಿನಲ್ಲಿರುವ ಪೇಜ್ ಫೈಲಿಗೆ ಬರೆದು ಜಾಗ ಮಾಡುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ದಿನಬಳಕೆಗೆ ಬೇಡದ ಪಾತ್ರೆಯನ್ನು ಅಟ್ಟಕ್ಕೆ ಹಾಕುತ್ತಾರಲ್ಲ, ಅದೇ ಕೆಲಸ ಇದು. ಅಟ್ಟದಲ್ಲಿರುವುದು ಹಬ್ಬಕ್ಕೊಮ್ಮೆ ಬೇಕಾದರೆ ತೊಂದರೆಯಿಲ್ಲ. ನಿಮಿಷಕ್ಕೊಮ್ಮೆ ಬೇಕಾದರೆ ಏಣಿ ಹತ್ತಿ ಇಳಿಯುವುದೇ ಕೆಲಸವಾಗುತ್ತದೆ.

ನೀವು ಬೆಳಿಗ್ಗೆ ತೆರೆದಿಟ್ಟು ಮರೆತ ಇಪ್ಪತ್ತು ಟ್ಯಾಬುಗಳು ಪೇಜ್ ಫೈಲಿಗೆ ಹೋದರೆ ಆಟಕ್ಕೆ ಗೊತ್ತೂ ಆಗುವುದಿಲ್ಲ. ಬೇರೆಯವರು ಆಡುವ ವಿಡಿಯೋ ಓಡುತ್ತಿರುವ ಟ್ಯಾಬ್ ಹಾಗಲ್ಲ, ಅದು ಪ್ರತಿ ಕ್ಷಣ ತನ್ನ ಮೆಮೊರಿಯನ್ನು ಮುಟ್ಟುತ್ತಲೇ ಇರುತ್ತದೆ. ಅದನ್ನು ಅಟ್ಟಕ್ಕೆ ಹಾಕಲು ಬರುವುದಿಲ್ಲ. ಮಾತಾಡುತ್ತಿರುವ ಡಿಸ್ಕಾರ್ಡ್, ಅದರಲ್ಲೂ ಪರದೆ ಹಂಚುತ್ತಿರುವ ಡಿಸ್ಕಾರ್ಡ್ ಕೂಡ ಹಾಗೆಯೇ. ಎಷ್ಟು ಕಿಟಕಿ ತೆರೆದಿವೆ ಎಂದು ಎಣಿಸುವುದಕ್ಕಿಂತ ಎಷ್ಟು ಕಿಟಕಿ ಎಚ್ಚರವಾಗಿವೆ ಎಂದು ಕೇಳಬೇಕು. ಎಚ್ಚರವಿರುವವರ ಒಟ್ಟು ಬೇಡಿಕೆ ಹದಿನಾರರೊಳಗೆ ಇದ್ದರೆ ಆಟ ಸರಾಗ. ಅದು ದಾಟಿತೋ, ವಿಂಡೋಸ್‌ಗೆ ಬೇರೆ ದಾರಿಯಿಲ್ಲ, ಆಟದ ಮೆಮೊರಿಯನ್ನೇ ಹೊರಗೆ ಹಾಕಲು ತೊಡಗುತ್ತದೆ. ನಿಜವಾದ ಕಷ್ಟ ಆಗ ಶುರು.

ಆ ಕಷ್ಟ ಎಷ್ಟು ದೊಡ್ಡದು ಎಂದು ತಿಳಿಯಲು ಸ್ವಲ್ಪ ಲೆಕ್ಕ ನೋಡಿ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದೊಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಬೇಕಾದ ದತ್ತ ರ‍್ಯಾಮಿನಲ್ಲೇ ಇದ್ದರೆ ಸೆಕೆಂಡಿನ ಕೋಟಿಯ ಒಂದು ಭಾಗದಷ್ಟು ಹೊತ್ತಿನಲ್ಲಿ ಸಿಗುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿದ್ದರೆ ಸುಮಾರು ಸಾವಿರ ಪಟ್ಟು ತಡ, ಆದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿದ್ದರೆ ಹತ್ತು ಮಿಲಿಸೆಕೆಂಡಿನ ಸುಮಾರು. ಒಂದೇ ಒಂದು ಸಲ ಹಾರ್ಡ್ ಡಿಸ್ಕಿಗೆ ಹೋಗಿ ಬಂದರೆ ಫ್ರೇಮಿನ ಅರ್ಧಕ್ಕಿಂತ ಹೆಚ್ಚು ಸಮಯ ಕರಗಿತು. ಎರಡು ಸಲ ಹೋದರೆ ಆ ಫ್ರೇಮೇ ತಪ್ಪಿತು. ಹೀಗಾಗಿ ರ‍್ಯಾಮ್ ಸಾಲದಾಗ ಎಫ್‌ಪಿಎಸ್ ಸರಾಸರಿ ಹೆಚ್ಚೇನೂ ಬೀಳುವುದಿಲ್ಲ, ಅರವತ್ತು ಅರವತ್ತಾಗಿಯೇ ಕಾಣಬಹುದು. ಆದರೆ ತಿರುಗಿದಾಗ, ಹೊಸ ಜಾಗಕ್ಕೆ ಕಾಲಿಟ್ಟಾಗ ಗಕ್ಕೆಂದು ನಿಂತು ಮುಂದೆ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಶಕ್ತಿ ಸಾಲದಿದ್ದರೆ ಆಟ ಇಡೀ ಹೊತ್ತು ನಿಧಾನ. ರ‍್ಯಾಮ್ ಸಾಲದಿದ್ದರೆ ಆಟ ವೇಗವಾಗಿಯೇ ಇದ್ದು ನಡುನಡುವೆ ಎಡವುತ್ತದೆ.

ಇತ್ತೀಚೆಗೆ ಬಂದ ಒಂದು ಯಂತ್ರದ ವಿಷಯ ಹೇಳುತ್ತೇನೆ. ಇಂಜಿನಿಯರಿಂಗ್ ಓದುವ ಹುಡುಗ. ಯಂತ್ರದಲ್ಲಿ 8 ಜಿಬಿಯ ಎರಡು ಸ್ಟಿಕ್, 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ ಮತ್ತು ಆಟಕ್ಕೆ ಎಸ್‌ಎಸ್‌ಡಿ, ಸಿನಿಮಾ ತುಂಬಿಡಲು ಹಳೆಯ ಹಾರ್ಡ್ ಡಿಸ್ಕ್. ಆಡುವುದು ಹಾಗ್ವಾರ್ಟ್ಸ್ ಲೆಗಸಿ. ಕೋಟೆಯೊಳಗೆ ಪರವಾಗಿಲ್ಲ, ಹಾಗ್ಸ್‌ಮೀಡ್ ಹಳ್ಳಿಗೆ ಹೋದರೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತದೆ ಎಂಬುದು ದೂರು.

"ರ‍್ಯಾಮ್ ತೊಂಬತ್ತೆರಡು ಪರ್ಸೆಂಟ್ ತೋರಿಸುತ್ತೆ ಅಣ್ಣ. ಮೂವತ್ತೆರಡು ಮಾಡಿಬಿಡಿ" ಎಂದ.

"ಮಾಡೋಣಪ್ಪ, ದುಡ್ಡು ನಿಂದು. ಮೊದಲು ಮನೇಲಿ ಹೇಗೆ ಆಡ್ತೀಯೋ ಹಾಗೇ ಎಲ್ಲ ತೆರೆದು ತೋರಿಸು" ಎಂದೆ.

ತೆರೆದ. ಕ್ರೋಮಿನಲ್ಲಿ ಟ್ಯಾಬುಗಳ ಹೆಸರು ಕಾಣದಷ್ಟು ಸಾಲು, ಅದರಲ್ಲೊಂದು ನೇರಪ್ರಸಾರದ ವಿಡಿಯೋ. ಡಿಸ್ಕಾರ್ಡಿನಲ್ಲಿ ಗೆಳೆಯರಿಗೆ ಪರದೆ ಹಂಚಿಕೆ. ಸ್ಟೀಮ್ ಜೊತೆಗೆ ಇನ್ನೂ ಎರಡು ಲಾಂಚರ್, ಅವುಗಳ ಆಟ ಆಡಿ ತಿಂಗಳುಗಳೇ ಆಗಿದ್ದವಂತೆ. ಕಂಪ್ಯೂಟರ್ ಹಾಕಿದ ಕೂಡಲೆ ತಾವಾಗಿ ಏಳುವಂತೆ ಇದ್ದದ್ದರಿಂದ ಎದ್ದು ಕೂತಿದ್ದವು.

ಶೇಕಡಾ ತೊಂಬತ್ತೆರಡು ಎಂಬ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ಅದರಿಂದ ಯಾರು ಎಚ್ಚರ, ಯಾರು ನಿದ್ದೆ ಎಂದು ತಿಳಿಯುವುದಿಲ್ಲ. ನಾನು ನೋಡುವುದು ಎರಡು ಜಾಗ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಕೆಳಗೆ Committed ಎಂದು ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಎಲ್ಲ ಪ್ರೋಗ್ರಾಂಗಳೂ ಸೇರಿ ಕೇಳಿಟ್ಟಿರುವ ಮೆಮೊರಿ. ಎರಡನೆಯದು ವಿಂಡೋಸ್ ಕೊಡಬಹುದಾದ ಮಿತಿ, ಅಂದರೆ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡರ ಮೊತ್ತ. ಹುಡುಗನ ಯಂತ್ರದಲ್ಲಿ ಅದು 24 ಮತ್ತು 26ರ ಆಸುಪಾಸಿನಲ್ಲಿತ್ತು. ಇನ್ನೆರಡು ಜಿಬಿ ಕೇಳಿದರೆ ಮುಗಿಯಿತು, ಆಟವೋ ಬ್ರೌಸರೋ ಯಾವುದೋ ಒಂದು ದಿಢೀರನೆ ಮುಚ್ಚಿಹೋಗುತ್ತದೆ. "ಆಗಾಗ ಆಟ ತಾನಾಗೇ ಕ್ಲೋಸ್ ಆಗುತ್ತಾ?" ಎಂದು ಕೇಳಿದೆ. "ಹೌದಣ್ಣ, ನಿಮಗೆ ಹೇಗೆ ಗೊತ್ತಾಯ್ತು?" ಎಂದ.

ಎರಡನೆಯ ಜಾಗ ರಿಸೋರ್ಸ್ ಮಾನಿಟರ್. ಸ್ಟಾರ್ಟ್ ಒತ್ತಿ resmon ಎಂದು ಟೈಪ್ ಮಾಡಿದರೆ ಸಿಗುತ್ತದೆ. ಅದರ ಮೆಮೊರಿ ಪುಟದಲ್ಲಿ Hard Faults/sec ಎಂಬ ಕಾಲಂ ಇದೆ. ಒಂದು ಪ್ರೋಗ್ರಾಂ ರ‍್ಯಾಮಿನಲ್ಲಿ ಹುಡುಕಿದ್ದು ಅಲ್ಲಿ ಸಿಗದೆ ಡಿಸ್ಕಿನಿಂದ ತರಬೇಕಾದಾಗಲೆಲ್ಲ ಅಲ್ಲಿ ಎಣಿಕೆಯಾಗುತ್ತದೆ. ಇಲ್ಲೊಂದು ಎಚ್ಚರಿಕೆಯ ಮಾತು. ಆಟ ಲೋಡ್ ಆಗುವಾಗ, ಹೊಸ ಪ್ರೋಗ್ರಾಂ ತೆರೆಯುವಾಗ ಈ ಸಂಖ್ಯೆ ನೂರಾರಕ್ಕೆ ಏರುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ. ಆಟದಿಂದ ಆಲ್ಟ್-ಟ್ಯಾಬ್ ಒತ್ತಿ ಹೊರಗೆ ಬಂದು, ಬ್ರೌಸರಿನಲ್ಲಿ ಅರ್ಧ ಗಂಟೆ ಕಳೆದು ಹಿಂದಿರುಗಿದಾಗಲೂ ಕೆಲವು ಸೆಕೆಂಡು ಹೀಗಾಗಬಹುದು. ನೋಡಬೇಕಾದ್ದು ಆಟ ಆಡುತ್ತಿರುವಾಗ, ಆಟದ ಸಾಲಿನಲ್ಲೇ, ಬಿಡದೆ ಬರುವ ಎಣಿಕೆಯನ್ನು. ಆಡುವಾಗ ಪರದೆ ಬದಲಿಸಿದರೆ ಅಳತೆ ಕೆಡುತ್ತದೆ. ಎರಡನೇ ಮಾನಿಟರ್ ಇದ್ದರೆ ಸುಲಭ, ಇಲ್ಲದಿದ್ದರೆ ಆಟವನ್ನು ಪರದೆಗಿಂತ ಚಿಕ್ಕ ಕಿಟಕಿಯಲ್ಲಿಟ್ಟು ಅದರ ಪಕ್ಕದಲ್ಲಿ ಇದನ್ನು ಇಟ್ಟುಕೊಳ್ಳಿ.

ಹಾಗ್ಸ್‌ಮೀಡಿಗೆ ಕಾಲಿಟ್ಟ ಕೂಡಲೆ ಆಟದ ಸಾಲಿನಲ್ಲಿ ಸಂಖ್ಯೆ ಏರಿತು, ಇಳಿಯಲೇ ಇಲ್ಲ. ಜೊತೆಗೆ ಇನ್ನೊಂದು ವಿಚಿತ್ರ ಕಂಡಿತು. ಎಸ್‌ಎಸ್‌ಡಿ ತಣ್ಣಗಿತ್ತು, ಸಿನಿಮಾ ತುಂಬಿದ ಹಾರ್ಡ್ ಡಿಸ್ಕ್ ನೂರು ಪರ್ಸೆಂಟ್ ದುಡಿಯುತ್ತಿತ್ತು. ಯಾರೋ ಎಸ್‌ಎಸ್‌ಡಿ ಬಾಳಿಕೆ ಬರುತ್ತದೆ ಎಂದು ಹೇಳಿ ಪೇಜ್ ಫೈಲನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿದ್ದರಂತೆ, ಅದೂ 10 ಜಿಬಿಗೆ ಕಟ್ಟುಹಾಕಿ. ಒಂದು ಸಲ ಹೋಗಿಬರಲು ಹತ್ತು ಮಿಲಿಸೆಕೆಂಡ್ ಬೇಕಾದ ಜಾಗ ಅದು. ಇಂದಿನ ಎಸ್‌ಎಸ್‌ಡಿಗಳು ಮನೆಬಳಕೆಯ ಪೇಜ್ ಫೈಲಿನಿಂದ ಸವೆದುಹೋಗುವಷ್ಟು ಬಡಪಾಯಿಗಳಲ್ಲ. ಈ ಸಲಹೆ ಕೊಡುವವರು ಇನ್ನಾದರೂ ನಿಲ್ಲಿಸಬೇಕು. ಪೇಜ್ ಫೈಲನ್ನೇ ತೆಗೆದುಹಾಕಿ ಎನ್ನುವವರದು ಇನ್ನೂ ಕೆಟ್ಟ ಸಲಹೆ. ಅನೇಕ ಆಟಗಳು ಮುಟ್ಟುವುದಕ್ಕಿಂತ ಹೆಚ್ಚು ಮೆಮೊರಿಯನ್ನು ಮುಂಚಿತವಾಗಿ ಕಾದಿರಿಸುತ್ತವೆ. ಪೇಜ್ ಫೈಲ್ ಇಲ್ಲದಿದ್ದರೆ ರ‍್ಯಾಮಿನಲ್ಲಿ ಖಾಲಿ ಜಾಗ ಇದ್ದಾಗಲೇ ಮಿತಿ ಮುಟ್ಟಿ ಆಟ ಬೀಳುತ್ತದೆ.

ಸರಿ, ಪೇಜ್ ಫೈಲನ್ನು ಎಸ್‌ಎಸ್‌ಡಿಗೆ ತಂದು, ಗಾತ್ರವನ್ನು ವಿಂಡೋಸ್ ನೋಡಿಕೊಳ್ಳಲಿ ಎಂದು ಬಿಟ್ಟೆವು. ಅಷ್ಟಕ್ಕೇ ನಿಲ್ಲುವ ಹೊತ್ತು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಆಟದ ಪಕ್ಕದಲ್ಲಿ ಓಡುವ ಪ್ರೋಗ್ರಾಂಗಳ ಸರದಿ.

ಮೊದಲು ಎಲ್ಲರ ಕಣ್ಣು ಡಿಸ್ಕಾರ್ಡಿನ ಮೇಲೆ ಬೀಳುತ್ತದೆ, ಅದು ಅಷ್ಟೇನೂ ಸರಿಯಲ್ಲ. ಬರೀ ಮಾತಿಗೆ ಅದು ಕೇಳುವುದು ಕಡಿಮೆ. ಪರದೆ ಹಂಚಿದಾಗ ಏರುತ್ತದೆ, ದಿನಗಟ್ಟಲೆ ಮುಚ್ಚದೆ ಬಿಟ್ಟರೂ ಊದಿಕೊಳ್ಳುತ್ತದೆ. ಮೂಲೆಯ ಗುಣಿಸು ಗುರುತನ್ನು ಒತ್ತಿದರೆ ಅದು ಗಡಿಯಾರದ ಪಕ್ಕಕ್ಕೆ ಹೋಗಿ ಅಡಗುತ್ತದೆಯೇ ಹೊರತು ಮುಚ್ಚುವುದಿಲ್ಲ. ಅಲ್ಲಿ ಬಲಗುಂಡಿ ಒತ್ತಿ ಪೂರ್ತಿ ಮುಚ್ಚಿ ಮತ್ತೆ ತೆರೆದರೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಸ್ಟೀಮಿನದು ಇನ್ನೂ ಸುಲಭ. ಆಟ ಶುರುವಾದ ಮೇಲೆ ಅಂಗಡಿ ಪುಟ ಮುಚ್ಚಿಬಿಡಿ, ಮಿಕ್ಕದ್ದು ಹಿಂದೆ ಸುಮ್ಮನಿರುತ್ತದೆ. ಬೇರೆ ಲಾಂಚರುಗಳನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಆಫ್ ಮಾಡಿದೆವು, ಅವು ಬೇಕಾದಾಗ ತೆರೆದರಾಯಿತು.

ಹೆಚ್ಚು ತಿನ್ನುತ್ತಿದ್ದುದು ಕ್ರೋಮ್. ಅದರೊಳಗೆ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಒಂದೊಂದು ಟ್ಯಾಬ್, ಒಂದೊಂದು ಎಕ್ಸ್‌ಟೆನ್ಶನ್ ಎಷ್ಟು ಹಿಡಿದಿದೆ ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಭದ್ರತೆಗಾಗಿ ಕ್ರೋಮ್ ಬೇರೆ ಬೇರೆ ಸೈಟುಗಳನ್ನು ಬೇರೆ ಬೇರೆ ಪ್ರೋಸೆಸ್‌ನಲ್ಲಿ ಇಡುತ್ತದೆ, ಹಾಗಾಗಿ ಇಪ್ಪತ್ತು ಸೈಟು ತೆರೆದವನಿಗೆ ಆ ದಂಡ ತಪ್ಪಿದ್ದಲ್ಲ. ಮೆಮೊರಿ ಸೇವರ್ ಎಂಬ ಸೌಲಭ್ಯ ಇದೆ, ಬಳಸದ ಟ್ಯಾಬುಗಳನ್ನು ಅದು ಮಲಗಿಸುತ್ತದೆ. ಅದನ್ನು ಆನ್ ಮಾಡಿ. ಆದರೆ ಶಬ್ದ ಬರುತ್ತಿರುವ ಟ್ಯಾಬನ್ನು ಅದು ಮುಟ್ಟುವುದಿಲ್ಲ, ಹುಡುಗನ ನೇರಪ್ರಸಾರ ಹಾಗೇ ಉಳಿಯಿತು. ಅದಕ್ಕೆ ಮದ್ದು ಒಂದೇ. ವಿಡಿಯೋವನ್ನು ಫೋನಿನಲ್ಲಿ ನೋಡುವುದು. ಇದರಿಂದ ಇನ್ನೊಂದು ಲಾಭವೂ ಇದೆ. ಬ್ರೌಸರಿನ ವಿಡಿಯೋ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನೂ ತಿನ್ನುತ್ತದೆ. ಕಾರ್ಡಿನ 8 ಜಿಬಿ ತುಂಬಿದರೆ ಹೆಚ್ಚಾದದ್ದನ್ನು ವಿಂಡೋಸ್ ಮುಖ್ಯ ರ‍್ಯಾಮಿನಲ್ಲಿ ಇಡುತ್ತದೆ. ಅಂದರೆ ಕಾರ್ಡಿನ ಸಾಲವನ್ನೂ ಅದೇ ಹದಿನಾರು ಜಿಬಿಯೇ ತೀರಿಸಬೇಕು. ಆಟದ ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದ್ದರಿಂದ ಎರಡೂ ಕಡೆ ಉಸಿರಾಡಲು ಜಾಗವಾಯಿತು.

ಕೊನೆಗೆ Committed ಸಾಲಿನ ಮೊದಲನೆಯ ಸಂಖ್ಯೆ 24ರಿಂದ 18ಕ್ಕೆ ಇಳಿಯಿತು. ಹದಿನಾರಕ್ಕಿಂತ ಹೆಚ್ಚೇ ಇದೆಯಲ್ಲ ಎಂದು ನೀವು ಕೇಳಬಹುದು. ಕೇಳಿಟ್ಟದ್ದೆಲ್ಲ ಬಳಕೆಯಲ್ಲಿರುವುದಿಲ್ಲ, ಹಾಗಾಗಿ ಅದು ತೊಂದರೆಯಲ್ಲ. ಹಳ್ಳಿಯ ಬೀದಿಯಲ್ಲಿ ಓಡಾಡುವಾಗ ಆಟದ ಸಾಲಿನ ಹಾರ್ಡ್ ಫಾಲ್ಟ್ ಹೆಚ್ಚಿನ ಹೊತ್ತು ಸೊನ್ನೆಯಲ್ಲಿತ್ತು, ಆಗೊಮ್ಮೆ ಈಗೊಮ್ಮೆ ಏರಿ ಇಳಿಯುತ್ತಿತ್ತು. ಡಿಸ್ಕಾರ್ಡ್ ಮಾತು ನಡೆದೇ ಇತ್ತು. ರ‍್ಯಾಮಿನ ಪರ್ಸೆಂಟ್ ಮಾತ್ರ ಇನ್ನೂ ಎಂಬತ್ತೆಂಟು ತೋರಿಸುತ್ತಿತ್ತು! ಅವನು ಅದನ್ನೇ ನೋಡುತ್ತಿದ್ದ. ಅದನ್ನು ಮುಚ್ಚು ಎಂದೆ.

ರ‍್ಯಾಮ್ ಸ್ವಚ್ಛ ಮಾಡುತ್ತೇವೆ ಎನ್ನುವ ತಂತ್ರಾಂಶಗಳ ಬಗ್ಗೆಯೂ ಒಂದು ಮಾತು. ಗುಂಡಿ ಒತ್ತಿದರೆ ಪರ್ಸೆಂಟ್ ಧಡಕ್ಕನೆ ಇಳಿಯುತ್ತದೆ, ನೋಡಲು ಖುಷಿ. ಅವು ಮಾಡುವುದು ಎಲ್ಲರ ಮೆಮೊರಿಯನ್ನೂ, ಆಟದ್ದನ್ನೂ ಸೇರಿಸಿ, ಹೊರಕ್ಕೆ ದೂಡುವ ಕೆಲಸ. ಮರುಕ್ಷಣವೇ ಆಟ ಅದನ್ನೆಲ್ಲ ವಾಪಸ್ ತರಿಸಿಕೊಳ್ಳಬೇಕು. ಯಾವುದನ್ನು ತಪ್ಪಿಸಬೇಕೆಂದು ಇಷ್ಟು ಹೊತ್ತು ಹೇಳಿದೆನೋ ಅದನ್ನೇ ಅವು ಮಾಡುತ್ತವೆ.

ಹಾಗಾದರೆ ಮೂವತ್ತೆರಡು ಯಾರಿಗೆ ಬೇಕು? ಫ್ಲೈಟ್ ಸಿಮ್ಯುಲೇಟರ್ ಆಡುವವರಿಗೆ ಖಂಡಿತ ಬೇಕು. ಮಾಡ್ ಗುಡ್ಡೆ ಹಾಕಿ ಆಡುವವರಿಗೆ, ದೊಡ್ಡ ಆಟ ಆಡುತ್ತಲೇ ನೇರಪ್ರಸಾರ ಮಾಡುವವರಿಗೂ ಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುವ ಭಾಗವೂ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಅಲ್ಲಿ ಹದಿನಾರು ಎಂದರೆ ಹದಿನಾರು ಇರುವುದಿಲ್ಲ. ಆದರೂ ಅಂಥ ಯಂತ್ರಗಳಲ್ಲಿ ಆಡುವ ಆಟಗಳು ಸಾಮಾನ್ಯವಾಗಿ ಚಿಕ್ಕವು.

ಕೊಳ್ಳಲೇಬೇಕು ಎಂದಾದರೆ ಮೊದಲು ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ Slots used ಎಂಬ ಸಾಲು ನೋಡಿ. ಎರಡರಲ್ಲಿ ಒಂದೇ ತುಂಬಿದೆ ಎಂದಿದ್ದರೆ ನಿಮ್ಮ ಹದಿನಾರು ಒಂದೇ ಸ್ಟಿಕ್ಕಿನಲ್ಲಿದೆ. ಅದೇ ಬಗೆಯ, ಅದೇ ವೇಗದ ಇನ್ನೊಂದು ಸ್ಟಿಕ್ ಹಾಕಿದರೆ ಗಾತ್ರವೂ ಹೆಚ್ಚುತ್ತದೆ, ಎರಡು ಚಾನೆಲ್ ಸೇರಿ ವೇಗವೂ ಹೆಚ್ಚುತ್ತದೆ. ಈ ದುಬಾರಿ ಕಾಲದಲ್ಲೂ ಅದು ದುಡ್ಡಿಗೆ ತಕ್ಕ ಕೆಲಸ. ಎರಡೂ ಜಾಗ 8 ಜಿಬಿ ಸ್ಟಿಕ್ಕುಗಳಿಂದ ತುಂಬಿದ್ದರೆ ಇರುವುದನ್ನು ಕಿತ್ತು ಎರಡನ್ನೂ ಹೊಸದಾಗಿ ಕೊಳ್ಳಬೇಕು. ಇಂಥವರು ಈಗಲೇ ಅವಸರ ಮಾಡಬೇಡಿ. ಒಂದು ಸಂಜೆ ರಿಸೋರ್ಸ್ ಮಾನಿಟರ್ ತೆರೆದಿಟ್ಟುಕೊಂಡು ನಿಮ್ಮ ಆಟ ಆಡಿ, ಆಟದ ಸಾಲಿನಲ್ಲಿ ಹಾರ್ಡ್ ಫಾಲ್ಟ್ ನಿಲ್ಲದೆ ಬರುತ್ತದೆಯೇ ನೋಡಿ. ಬಾರದಿದ್ದರೆ ಹದಿನಾರು ಜಿಬಿ ನಿಮಗೆ ಸಾಕು. ಪಕ್ಕದ ವಿಡಿಯೋ ಮುಚ್ಚಿ, ಪೇಜ್ ಫೈಲ್ ಎಸ್‌ಎಸ್‌ಡಿಯಲ್ಲಿಟ್ಟ ಮೇಲೂ ಬರುತ್ತಿದ್ದರೆ ಮಾತ್ರ ಅಂಗಡಿಗೆ ಬನ್ನಿ.